ಸುಮಿಯ ಜೇಬಿನ ತೂತು: ಒಂದನೇ ತರಗತಿಗೆ ಒಂದು ಕಥೆ ಕಟ್ಟಿದ್ದು

ಒಂದನೇ ತರಗತಿಯಲ್ಲಿ ಪೆನ್ಸಿಲ್ ಕಳೆಯುವುದು ಸುದ್ದಿಯೇ ಅಲ್ಲ. ದಿನಾ ಕಳೆಯುತ್ತದೆ. ಚಾಪೆ ಕೆಳಗೆ ಹೋಗುತ್ತದೆ, ಬಿಸಿಯೂಟದ ತಟ್ಟೆ ಜೊತೆ ನಲ್ಲಿ ಹತ್ತಿರ ಹೋಗುತ್ತದೆ, ಪಕ್ಕದವನ ಚೀಲಕ್ಕೂ ಹೋಗುತ್ತದೆ. ನನ್ನ ಗಮನ ಸೆಳೆದದ್ದು ಪೆನ್ಸಿಲ್ ಅಲ್ಲ, ಕಳೆದ ಮೇಲೆ ಬರುವ ಮಾತು. "ನಾನ್ ತಗೊಂಡೇ ಇಲ್ಲ." "ಆಗ್ಲೇ ಕೊಟ್ಟೆ." "ಇಲಿ ಕಚ್ಕೊಂಡ್ ಹೋಯ್ತು ಮಿಸ್." ಇಲಿಯ ಕಥೆ ಹೇಳಿದವನು ಇಲಿಯ ಬಾಲ ಎಷ್ಟುದ್ದ ಇತ್ತು ಅಂತಲೂ ತೋರಿಸಿದ್ದ.

ನಾನು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಲಿ-ಕಲಿ ತರಗತಿ ನೋಡಿಕೊಳ್ಳುವವಳು. ಒಂದು, ಎರಡು, ಮೂರನೇ ತರಗತಿ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕೂರುತ್ತಾರೆ. ನಮ್ಮ ಕ್ಲಸ್ಟರ್‌ನ ಸಮಾಲೋಚನಾ ಸಭೆಯಲ್ಲಿ, ಮಕ್ಕಳಿಗೆ ಓದಿ ಹೇಳಲು ಒಬ್ಬೊಬ್ಬರು ಒಂದೊಂದು ಕಥೆ ಬರೆದು ತನ್ನಿ ಅಂದರು. ವಿಷಯ ನಾವೇ ಆರಿಸಿಕೊಳ್ಳಬೇಕು. ನಾನು ಕಳೆದುಹೋದ ಪೆನ್ಸಿಲನ್ನು ಆರಿಸಿಕೊಂಡೆ. ಒಂದು ಸಂಜೆಯ ಕೆಲಸ ಅಂದುಕೊಂಡಿದ್ದೆ. ಆದರೆ ಆರು ವರ್ಷದವರ ಮುಂದೆ ಇಟ್ಟಾಗ ಕಥೆ ಸುಲಭಕ್ಕೆ ನಿಲ್ಲಲಿಲ್ಲ. ಪ್ರತಿ ಸಲವೂ ಒಂದೊಂದು ಕಡೆ ಸೋರುತ್ತಿತ್ತು.

ಮೊದಲ ಪ್ರಶ್ನೆ, ಸುಳ್ಳು ಯಾವುದು ಅನ್ನುವುದು. ಪೆನ್ಸಿಲ್ ಕಳೆಯುವುದು ತಪ್ಪಲ್ಲ, ಕಳೆದಿಲ್ಲ ಅನ್ನುವುದು ಸುಳ್ಳು. ದೊಡ್ಡವರಿಗೆ ಇದು ಸಲೀಸಾಗಿ ಬೇರೆ ಬೇರೆಯಾಗಿ ಕಾಣುತ್ತದೆ. ಮಕ್ಕಳಿಗೆ ಹಾಗಲ್ಲ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ 1932ರ ತಮ್ಮ ಪುಸ್ತಕದಲ್ಲಿ ಇದನ್ನು ಬರೆದಿದ್ದಾರೆ. ಅವರು ಮಕ್ಕಳಿಗೆ ಎರಡು ಚಿಕ್ಕ ಕಥೆ ಹೇಳುತ್ತಿದ್ದರು. ಒಬ್ಬ ಹುಡುಗ ಬಾಗಿಲು ತಳ್ಳಿದಾಗ ಹಿಂದೆ ಇಟ್ಟಿದ್ದ 15 ಕಪ್ಪು ಒಡೆದುಹೋದವು. ಅವನಿಗೆ ಅವು ಅಲ್ಲಿರುವುದೇ ಗೊತ್ತಿರಲಿಲ್ಲ. ಇನ್ನೊಬ್ಬ ಕದ್ದು ಜಾಮ್ ತಿನ್ನಲು ಹೋಗಿ 1 ಕಪ್ಪು ಒಡೆದ. ಯಾರದು ಜಾಸ್ತಿ ತಪ್ಪು? ಚಿಕ್ಕ ಮಕ್ಕಳಲ್ಲಿ ಅನೇಕರು 15 ಕಪ್ಪಿನವನದು ಅಂದರು. ಒಡೆದದ್ದು ಎಷ್ಟು ಅನ್ನುವುದು ಅವರ ಲೆಕ್ಕ, ಮನಸ್ಸಿನಲ್ಲಿ ಏನಿತ್ತು ಅನ್ನುವುದಲ್ಲ.

ನಮ್ಮ ಮಕ್ಕಳಿಗೆ ನಾನು ಇದನ್ನು ಪೆನ್ಸಿಲ್ ಮಾಡಿ ಕೇಳಿದೆ. ಒಬ್ಬಳ ಚೀಲ ಹರಿದಿತ್ತು, ಗೊತ್ತಿಲ್ಲದೆ ಐದು ಪೆನ್ಸಿಲ್ ಬಿದ್ದುಹೋದವು. ಇನ್ನೊಬ್ಬ ಸಿಟ್ಟಿನಲ್ಲಿ ಗೆಳೆಯನ ಒಂದು ಪೆನ್ಸಿಲನ್ನು ಬೇಕಂತಲೇ ಚರಂಡಿಗೆ ಎಸೆದ. ಒಂದನೇ ತರಗತಿಯವರು ಜೋರಾಗಿ "ಐದು ಕಳ್ದೋಳು!" ಅಂದರು. ಮೂರನೇ ತರಗತಿಯವರು ಅವರನ್ನು ನೋಡಿ ನಕ್ಕರು. ಎರಡನೇ ತರಗತಿಯವರು ಆಚೀಚೆ ನೋಡುತ್ತಾ ಕೂತರು.

ಇದರಿಂದ ಕಥೆಯ ಅರ್ಧ ರೂಪ ಸಿಕ್ಕಿತು. ಆರು ವರ್ಷದ ಮಗು ಸುಳ್ಳು ಹೇಳುವುದು ಬಹಳ ಸಲ ಕಳೆದದ್ದೇ ದೊಡ್ಡ ತಪ್ಪು ಅಂದುಕೊಂಡು. ಕಥೆ ಈ ಗಂಟನ್ನು ಬಿಡಿಸಬೇಕು. ಹಾಗಾಗಿ ಕಳೆಯುವುದು ಹುಡುಗಿಯ ಕೈಯಲ್ಲಿ ಇರಬಾರದು, ಆಟದಲ್ಲಿ ತಾನಾಗಿ ಆಗಬೇಕು. ಸುಳ್ಳು ಮಾತ್ರ ಅವಳ ಬಾಯಿಂದ ಬರಬೇಕು. ಎರಡರ ನಡುವೆ ಒಂದು ಪುಟದಷ್ಟಾದರೂ ಜಾಗ ಬೇಕು. ಒಂದೇ ವಾಕ್ಯದಲ್ಲಿ ಸೇರಿಸಿದರೆ ಮಕ್ಕಳಿಗೆ ಅದು ಒಂದೇ ಘಟನೆ.

ಆಮೇಲೆ ಸುಳ್ಳಿನ ಪೆಟ್ಟು ಯಾರಿಗೆ ತಗುಲಬೇಕು ಅನ್ನುವುದು. ಮೊದಲು ನಾನು ಎಲ್ಲರೂ ಮಾಡುವ ಹಾಗೆ ಮೂರನೆಯವನೊಬ್ಬನನ್ನು ತಂದಿದ್ದೆ. ಕಥೆಯ ಹುಡುಗಿ ಸುಮಿ ಸುಳ್ಳು ಹೇಳುತ್ತಾಳೆ, ಮುನ್ನನ ಮೇಲೆ ಅನುಮಾನ ಬರುತ್ತದೆ, ಸುಮಿಗೆ ಬೇಜಾರಾಗಿ ನಿಜ ಹೇಳುತ್ತಾಳೆ. ದೊಡ್ಡವರಿಗೆ ಹೇಳಿದಾಗ ಚೆನ್ನಾಗಿದೆ ಅಂದರು. ಮಕ್ಕಳ ಮುಂದೆ ಮಾತ್ರ ಕಥೆ ಬೇರೆ ದಾರಿ ಹಿಡಿಯಿತು. ಮುನ್ನನನ್ನು ಬೈದ ಕೂಡಲೇ ಎಲ್ಲರ ಜೀವ ಅವನ ಹತ್ತಿರ ಹೋಯಿತು. ಸುಮಿಯ ಭಯ ಯಾರಿಗೂ ಬೇಡ. "ಸುಮಿಗೆ ಹೊಡೀರಿ ಮಿಸ್" ಅಂತ ಒಬ್ಬಳು, "ಕೋಣೆಯಿಂದ ಆಚೆ ಹಾಕಿ" ಅಂತ ಇನ್ನೊಬ್ಬ. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಲ್ಲಿಸಿದೆ. ಮಕ್ಕಳ ತೀರ್ಪಿನಲ್ಲಿ ಅದು ಇನ್ನೂ ನಿಂತಿಲ್ಲ! ಅಂತೂ ಧೈರ್ಯದ ಕಥೆ ಪೊಲೀಸ್ ಕಥೆ ಆಗಿಬಿಟ್ಟಿತು. ಕೇಳುವ ಮಗು ಸುಮಿಯ ಒಳಗೆ ಕೂತಿದ್ದರೆ ತಾನೇ ಅವಳ ಧೈರ್ಯ ಅದಕ್ಕೆ ತಿಳಿಯುವುದು? ಹೊರಗೆ ನಿಂತು ಕಲ್ಲು ಹೊಡೆಯುತ್ತಿದ್ದರೆ ಏನೂ ದಕ್ಕುವುದಿಲ್ಲ.

ಮುನ್ನನನ್ನು ತೆಗೆದೆ. ಆದರೆ ಸುಳ್ಳಿನಿಂದ ಯಾರಿಗೂ ಏನೂ ಆಗದಿದ್ದರೆ ನಿಜ ಹೇಳುವ ತುರ್ತು ಎಲ್ಲಿಂದ ಬರಬೇಕು? ಇದಕ್ಕೆ ಉತ್ತರ ನಮ್ಮ ಕೋಣೆಯಲ್ಲೇ ಸಿಕ್ಕಿತು. ರಬ್ಬರ್ ಕೊಟ್ಟಿದ್ದ ಹುಡುಗನಿಗೆ ಪಕ್ಕದವಳು "ಆಗ್ಲೇ ಕೊಟ್ಟೆನಲ್ಲಾ" ಅಂದಳು. ಅವನು ಜಗಳ ಮಾಡಲಿಲ್ಲ. ತನ್ನ ಚೀಲವನ್ನೇ ತಲೆಕೆಳಗೆ ಮಾಡಿ ಹುಡುಕತೊಡಗಿದ. ತಾನೇ ಕಳೆದೆ ಅಂದುಕೊಂಡ. ಸುಳ್ಳು ಹೇಳಿದವಳು ಅದನ್ನು ನೋಡುತ್ತಾ ಕೂತಿದ್ದಳು. ನನ್ನ ಕಥೆಗೆ ಇಷ್ಟೇ ಬೇಕಿತ್ತು. ಸುಮಿಗೆ ಪೆನ್ಸಿಲ್ ಕೊಟ್ಟ ಬಸು ತನ್ನ ಮೇಲೇ ಅನುಮಾನ ಪಡುತ್ತಾನೆ. ಬೈಗುಳ ಇಲ್ಲ, ಮೂರನೆಯವರಿಲ್ಲ. ಈ ಜಾಗ ಬಂದಾಗ ಮಕ್ಕಳು ಕೂಗುವುದಿಲ್ಲ, ಸುಮ್ಮನಾಗುತ್ತಾರೆ. ಸುಮಿ ಮುಂದೆ ಏನು ಮಾಡುತ್ತಾಳೆ ಅಂತ ನನ್ನ ಮುಖ ನೋಡುತ್ತಾರೆ.

ಇನ್ನು ಧೈರ್ಯ. ಈ ಮಾತನ್ನೇ ಕಥೆಯಿಂದ ಹೊರಗಿಟ್ಟೆ. "ಸುಮಿ ಧೈರ್ಯ ಮಾಡಿ ನಿಜ ಹೇಳಿದಳು" ಅಂದರೆ ಮಗುವಿಗೆ ಕಾಣುವುದಕ್ಕೆ ಏನೂ ಇಲ್ಲ. ಭಯ ಮೈಯಲ್ಲಿ ಎಲ್ಲಿದೆ ಅಂತ ಮಕ್ಕಳನ್ನೇ ಕೇಳಿದೆ. ಕೆಲವರು ಹೊಟ್ಟೆ ಮುಟ್ಟಿಕೊಂಡರು, ಜಾಸ್ತಿ ಮಕ್ಕಳು ಎದೆ ಮುಟ್ಟಿಕೊಂಡರು. ಎದೆಯೇ ಇರಲಿ ಅಂತ "ಡಬ ಡಬ ಡಬ" ಹಾಕಿದೆ. ಮಕ್ಕಳು ಎದೆ ತಟ್ಟುತ್ತಾ ನನ್ನ ಜೊತೆ ಹೇಳಬಹುದು. ಇನ್ನೊಂದು, ಧೈರ್ಯ ಒಂದೇ ಸಲಕ್ಕೆ ಬರಬಾರದು. ಸುಮಿ ಎದ್ದು ಹೋಗುತ್ತಾಳೆ, "ಏನಿಲ್ಲ" ಅಂದು ವಾಪಸ್ ಬರುತ್ತಾಳೆ, ಮತ್ತೆ ಹೋಗುತ್ತಾಳೆ. ಆ "ಏನಿಲ್ಲ" ಬಂದಾಗ ಮಕ್ಕಳು ಅಯ್ಯೋ ಅನ್ನುತ್ತಾರೆ. ಅಲ್ಲಿಗೆ ಅವರು ಸುಮಿಯ ಕಡೆ ಆಗಿರುತ್ತಾರೆ.

ನಿಜ ಯಾರಿಗೆ ಹೇಳಬೇಕು ಅನ್ನುವುದನ್ನೂ ಕೇಳಿ ನೋಡಿದೆ. ಬಸುಗಾ, ಮಿಸ್‌ಗಾ? ಕೋಣೆ ಎರಡು ಭಾಗ ಆಯಿತು. ಮಿಸ್‌ಗೆ ಅಂದವರ ಕಾರಣ ಸರಳ. ಮಿಸ್ ಬಸುಗೆ ಹೇಳುತ್ತಾರೆ, ಆಗ ಬಸು ಮುಖ ನೋಡಬೇಕಾಗಿಲ್ಲ. ಇದನ್ನು ಕೇಳಿದ ಮೇಲೆ ಮೊದಲು ಬಸುಗೇ ಹೇಳಬೇಕು ಅಂತ ತೀರ್ಮಾನ ಮಾಡಿದೆ. ಪೆನ್ಸಿಲ್ ಅವನದು, ಸುಳ್ಳು ಕೇಳಿಸಿಕೊಂಡವನೂ ಅವನೇ.

ಎಲ್ಲಕ್ಕಿಂತ ಜಾಸ್ತಿ ಹೊತ್ತು ತಿಂದದ್ದು ನಿಜ ಹೇಳಿದ ಮೇಲಿನ ಭಾಗ. ಈ ವಿಷಯದಲ್ಲಿ ಒಂದು ಸಂಶೋಧನೆ ನನಗೆ ಬಹಳ ನೆರವಾಯಿತು. 2014ರಲ್ಲಿ ಕೆನಡಾದ ಕಾಂಗ್ ಲೀ, ವಿಕ್ಟೋರಿಯಾ ತಲ್ವಾರ್ ಮತ್ತು ಸಂಗಡಿಗರು ಪ್ರಕಟಿಸಿದ್ದು. 3ರಿಂದ 7 ವರ್ಷದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿ, ಬೆನ್ನ ಹಿಂದೆ ಇಟ್ಟ ಆಟಿಕೆ ಯಾವುದು ಅಂತ ಸದ್ದು ಕೇಳಿ ಹೇಳಲು ಬಿಟ್ಟರು. ನಡುವೆ ದೊಡ್ಡವರು ಹೊರಗೆ ಹೋಗುತ್ತಾರೆ. ತಿರುಗಿ ನೋಡಬೇಡ ಅಂದಿರುತ್ತಾರೆ. ಬಹಳ ಮಕ್ಕಳು ನೋಡಿಬಿಡುತ್ತಾರೆ. ದೊಡ್ಡವರು ವಾಪಸ್ ಬಂದು ಒಂದು ಕಥೆ ಓದುತ್ತಾರೆ. ಆಮೇಲೆ ಕೇಳುತ್ತಾರೆ, ತಿರುಗಿ ನೋಡಿದೆಯಾ?

ಕೆಲವರಿಗೆ ಸುಳ್ಳು ಹೇಳಿದರೆ ಮೂಗು ಉದ್ದ ಆಗುವ ಪಿನೋಕಿಯೋ ಕಥೆ ಓದಿದರು. ಕೆಲವರಿಗೆ "ತೋಳ ಬಂತು ತೋಳ" ಕಥೆ. ಕೆಲವರಿಗೆ ಚಿಕ್ಕ ಜಾರ್ಜ್ ವಾಷಿಂಗ್ಟನ್ ಚೆರ್ರಿ ಮರ ಕಡಿದು, ಅಪ್ಪನ ಮುಂದೆ ಒಪ್ಪಿಕೊಂಡ ಕಥೆ. ಇನ್ನು ಕೆಲವರಿಗೆ, ಹೋಲಿಸಿ ನೋಡಲಿಕ್ಕೆ, ಆಮೆ ಮತ್ತು ಮೊಲದ ಕಥೆ. ಅದರಲ್ಲಿ ಸುಳ್ಳು-ನಿಜದ ಮಾತೇ ಇಲ್ಲ. ಮೂಗಿನ ಕಥೆ, ತೋಳದ ಕಥೆ ಕೇಳಿದವರು ಆಮೆ-ಮೊಲದ ಕಥೆ ಕೇಳಿದವರಿಗಿಂತ ಜಾಸ್ತಿ ನಿಜ ಹೇಳಲಿಲ್ಲ. ಚೆರ್ರಿ ಮರದ ಕಥೆ ಕೇಳಿದವರು ಮಾತ್ರ ಜಾಸ್ತಿ ನಿಜ ಹೇಳಿದರು. ಅದರಲ್ಲಿ ನಿಜ ಕೇಳಿ ಅಪ್ಪನಿಗೆ ಸಂತೋಷ ಆಗುತ್ತದೆ. ಅದೇ ಕಥೆಯ ಕೊನೆಯನ್ನು ಬದಲಿಸಿ, ಸುಳ್ಳು ಹೇಳಿದ್ದಕ್ಕೆ ಕೆಟ್ಟದಾಯಿತು ಅಂತ ಓದಿದಾಗ ಆ ಪರಿಣಾಮ ಹೋಯಿತು. ತಮಾಷೆ ಏನಂದರೆ ಆ ಚೆರ್ರಿ ಮರದ ಕಥೆಯೇ ನಡೆದದ್ದಲ್ಲ. ವೀಮ್ಸ್ ಎಂಬ ಪಾದ್ರಿ ವಾಷಿಂಗ್ಟನ್ ತೀರಿಕೊಂಡ ಮೇಲೆ ಬರೆದ ಜೀವನಚರಿತ್ರೆಯಲ್ಲಿ ಅದನ್ನು ಸೇರಿಸಿದ್ದ!

ಇದು ಒಂದು ಕೋಣೆಯಲ್ಲಿ, ಒಂದು ಕಥೆ ಕೇಳಿದ ಕೂಡಲೇ ಮಾಡಿದ ಪರೀಕ್ಷೆ. ಒಂದು ಕಥೆಯಿಂದ ಮಗು ವರ್ಷವಿಡೀ ನಿಜ ಹೇಳುತ್ತದೆ ಅಂತ ಇದು ಹೇಳುವುದಿಲ್ಲ. ಆದರೆ ನನ್ನ ಕೆಲಸಕ್ಕೆ ಬೇಕಾದ ಸುಳಿವು ಇದರಲ್ಲಿತ್ತು. ಸುಳ್ಳು ಹೇಳಿದರೆ ಏನಾಗುತ್ತದೆ ಅಂತ ಮಗುವಿಗೆ ಮೊದಲೇ ಗೊತ್ತು. ನಿಜ ಹೇಳಿದರೆ ಏನಾಗುತ್ತದೆ ಅನ್ನುವುದೇ ಗೊತ್ತಿಲ್ಲ. ಕಥೆ ತೋರಿಸಬೇಕಾದ್ದು ಅದನ್ನು.

ನಮ್ಮ ನಿಜದ ಕಥೆಗಳನ್ನು ಈ ಕಣ್ಣಿನಿಂದ ನೋಡಿದರೆ ಸ್ವಲ್ಪ ಗಾಬರಿ ಆಗುತ್ತದೆ. ಹರಿಶ್ಚಂದ್ರ ರಾಜ್ಯ ಬಿಟ್ಟು, ಹೆಂಡತಿಯನ್ನು ಮಾರಿ, ಸ್ಮಶಾನ ಕಾಯುತ್ತಾನೆ. ಪುಣ್ಯಕೋಟಿ ಕೊಟ್ಟ ಮಾತಿಗೆ ಹುಲಿಯ ಬಾಯಿಗೇ ನಡೆದು ಹೋಗುತ್ತಾಳೆ. ಅವು ದೊಡ್ಡ ಕಥೆಗಳು, ನನಗೂ ಇಷ್ಟ. ಪುಣ್ಯಕೋಟಿ ಹಾಡಿದಾಗ ನಮ್ಮ ಮಕ್ಕಳ ಕಣ್ಣು ತುಂಬುತ್ತದೆ. ಆದರೆ ಅವರು ಕೇಳುವುದು ಕರುವಿನ ಬಗ್ಗೆ, ಹುಲಿ ಯಾಕೆ ಸತ್ತಿತು ಅನ್ನುವುದರ ಬಗ್ಗೆ. ಐದು ರೂಪಾಯಿ ಪೆನ್ಸಿಲ್ ಕಳೆದ ಮಗುವಿಗೆ ಅಷ್ಟು ದೊಡ್ಡ ಬೆಲೆ ತೋರಿಸಿದರೆ ಅದು ಬಾಯಿ ಬಿಡುವುದು ಕಷ್ಟವೇ.

ಹಾಗಂತ ಬಹುಮಾನವೂ ಬೇಡ. ಒಂದು ರೂಪದಲ್ಲಿ ಮಿಸ್ ಸುಮಿಗೆ ಚಪ್ಪಾಳೆ ಹೊಡೆಸಿ ಹೊಸ ಪೆನ್ಸಿಲ್ ಕೊಡುತ್ತಿದ್ದರು. ಅದನ್ನು ಹೇಳಿದ ಮಾರನೇ ದಿನ ಒಬ್ಬ ಬಂದು, ಮುಖ ಅರಳಿಸಿಕೊಂಡು, "ಮಿಸ್, ನಾನೂ ಪೆನ್ಸಿಲ್ ಕಳ್ದೆ" ಅಂದ. ಪೆನ್ಸಿಲ್ ಅವನ ಕಾಲರ್‌ನಲ್ಲೇ ಸಿಕ್ಕಿಸಿತ್ತು. ಅಂದಮೇಲೆ ನಿಜಕ್ಕೆ ಸಿಗಬೇಕಾದ್ದು ಒಂದು ಮಾತು ಅಷ್ಟೇ. ವಸ್ತು ಅಲ್ಲ. ಆ ಮಾತಿನ ಹಿಂದೆಯೇ ಕಳೆದ ಪೆನ್ಸಿಲಿಗೆ ಏನು ಮಾಡುವುದು ಅನ್ನುವ ಕೆಲಸ ಬರಬೇಕು.

ಪೆನ್ಸಿಲ್ ಸಿಗಬೇಕಾ ಬೇಡವಾ? ಇದಕ್ಕೆ ನಾನು ಬಹಳ ತಿಣುಕಿದೆ. ನಿಜ ಹೇಳಿದ ತಕ್ಷಣ ಸಿಕ್ಕರೆ, ನಿಜ ಹೇಳಿದರೆ ಕಳೆದದ್ದು ಸಿಗುತ್ತದೆ ಅಂತ ಆಗುತ್ತದೆ. ಅದು ಮಕ್ಕಳಿಗೆ ನಾವು ಹೇಳುವ ಸುಳ್ಳು. ಸಿಗದೇ ಹೋದರೆ ಮಕ್ಕಳು ಬಿಡುವುದಿಲ್ಲ. "ಎಲ್ಲೋಯ್ತು ಮಿಸ್? ಎಲ್ಲೋಯ್ತು?" ಅದೇ ಕೇಳುತ್ತಾ ಕೂರುತ್ತಾರೆ. ಕೊನೆಗೆ ದಾರಿ ತೋರಿಸಿದ್ದು ಲಂಗದ ಜೇಬು. ಪೆನ್ಸಿಲ್ ಎಲ್ಲಿದೆ ಅಂತ ಗೊತ್ತಾಗದಿದ್ದರೂ ಹೇಗೆ ಹೋಯಿತು ಅಂತ ಗೊತ್ತಾದರೆ ಸಾಕು, ಆರು ವರ್ಷದವರು ತೃಪ್ತಿಪಡುತ್ತಾರೆ. ಇದು ಪುಸ್ತಕದಲ್ಲಿ ಓದಿದ್ದಲ್ಲ, ಹೇಳಿ ನೋಡಿ ತಿಳಿದದ್ದು.

ಈಗ ನಾನು ಹೇಳುವ ಕಥೆ ಇದು. ಎಲ್ಲೆಲ್ಲಿ ಸಾಲು ಬಿಟ್ಟಿದೆಯೋ ಅಲ್ಲಿ ಪುಟ ತಿರುಗುತ್ತದೆ.

ಸುಮಿಯ ಪೆನ್ಸಿಲ್ ಮೊನೆ ಮುರಿಯಿತು. ಮೆಂಡರ್ ಮನೆಯಲ್ಲೇ ಇತ್ತು. ಪಕ್ಕದಲ್ಲಿ ಬಸು ಕೂತಿದ್ದ. ಬಸು ಹತ್ತಿರ ಹಸಿರು ಪೆನ್ಸಿಲ್ ಇತ್ತು. ಹೊಚ್ಚ ಹೊಸದು.

"ಬಸು, ಬಸು, ನಿನ್ ಪೆನ್ಸಿಲ್ ಕೊಡೋ."
"ತಗೋ. ಊಟ ಆದ್ಮೇಲೆ ಕೊಡ್ಬೇಕು."
"ಹೂಂ, ಕೊಡ್ತೀನಿ."

ಗಂಟೆ ಹೊಡೆಯಿತು. ಸುಮಿ ಪೆನ್ಸಿಲನ್ನು ಲಂಗದ ಜೇಬಿಗೆ ಹಾಕಿಕೊಂಡಳು. ಓಡಿದಳು. ನಲ್ಲಿ ಹತ್ತಿರ ಓಡಿದಳು. ಊಟದ ಸಾಲಿಗೆ ಓಡಿದಳು. ಹುಣಸೆ ಮರ ಸುತ್ತಿ ಸುತ್ತಿ ಓಡಿದಳು.

ಊಟ ಆಯಿತು. ಸುಮಿ ಜೇಬಿಗೆ ಕೈ ಹಾಕಿದಳು. ಪೆನ್ಸಿಲ್ ಇಲ್ಲ! ಚೀಲದಲ್ಲಿ ನೋಡಿದಳು. ಇಲ್ಲ. ಚಾಪೆ ಎತ್ತಿ ನೋಡಿದಳು. ಅಲ್ಲೂ ಇಲ್ಲ.

ಬಸು ಬಂದ. "ಸುಮಿ, ನನ್ ಪೆನ್ಸಿಲ್?"
ಸುಮಿಯ ಎದೆ ಡಬ ಡಬ ಡಬ.
"ಆಗ್ಲೇ ಕೊಟ್ಟೆನಲ್ಲಾ!" ಅಂದಳು.

ಬಸು ತನ್ನ ಚೀಲ ನೋಡಿದ. ಪುಸ್ತಕ ಎಲ್ಲ ಹೊರಗೆ ತೆಗೆದ. ತನ್ನ ಜೇಬು ನೋಡಿದ. ತಲೆ ಕೆರೆದುಕೊಂಡ.
"ನಾನೇ ಕಳ್ದುಬಿಟ್ನಾ?" ಅಂದ.
ಸುಮಿಯ ಎದೆ ಡಬ ಡಬ ಡಬ.

ಸುಮಿ ನೀರು ಕುಡಿದಳು. ಡಬ ಡಬ ಡಬ. ಚಾಪೆ ಮೇಲೆ ಕೂತಳು. ಡಬ ಡಬ ಡಬ. ಎದ್ದು ಬಸು ಹತ್ತಿರ ಹೋದಳು.
"ಬಸು..."
"ಏನು?"
"ಏನಿಲ್ಲ."
ವಾಪಸ್ ಬಂದುಬಿಟ್ಟಳು.

ಬಸು ಇನ್ನೂ ಹುಡುಕುತ್ತಿದ್ದ. ಸುಮಿ ಮತ್ತೆ ಎದ್ದಳು. ಮತ್ತೆ ಹೋದಳು.
"ಬಸು, ನಾನು ಪೆನ್ಸಿಲ್ ಕೊಟ್ಟಿಲ್ಲ. ಅದು ಕಳ್ದೋಯ್ತು. ನಾನು ಸುಳ್ಳು ಹೇಳ್ದೆ."

ಬಸು ಮುಖ ಊದಿಸಿಕೊಂಡ. "ನಂಗೆ ಕೋಪ ಬಂದಿದೆ."
"ಹೂಂ" ಅಂದಳು ಸುಮಿ.
ಬಸು ಸುಮ್ಮನೆ ನಿಂತ. ಆಮೇಲೆ ಕೇಳಿದ, "ಎಲ್ಲಿ ಬಿತ್ತು?"
"ಗೊತ್ತಿಲ್ಲ."
"ಬಾ, ಹುಡ್ಕೋಣ."

ನಲ್ಲಿ ಹತ್ತಿರ ಹುಡುಕಿದರು. ಇಲ್ಲ. ಊಟದ ಜಗಲಿಯಲ್ಲಿ ಹುಡುಕಿದರು. ಇಲ್ಲ. ಹುಣಸೆ ಮರದ ಸುತ್ತ ಹುಡುಕಿದರು. ಒಣಗಿದ ಹುಣಸೆಕಾಯಿ ಸಿಕ್ಕಿತು. ಪೆನ್ಸಿಲ್ ಇಲ್ಲ.

ಮಿಸ್ ಬಂದರು. "ಏನು ಹುಡುಕ್ತಿದ್ದೀರಿ?"
ಸುಮಿ ಎಲ್ಲ ಹೇಳಿದಳು. ಮಿಸ್ ಕೆಳಗೆ ಕೂತರು.
"ಹೇಳೋಕೆ ಭಯ ಆಯ್ತಾ?"
"ಆಯ್ತು ಮಿಸ್."
"ಆದ್ರೂ ಹೇಳ್ದೆ. ನಂಗೆ ಖುಷಿ ಆಯ್ತು. ಈಗ ಬಸುಗೆ ಬರೆಯೋಕೆ ಪೆನ್ಸಿಲ್ ಬೇಕಲ್ಲ, ಏನ್ ಮಾಡೋಣ?"

ಸುಮಿ ಓಡಿ ಹೋಗಿ ತನ್ನ ಪೆನ್ಸಿಲ್ ತಂದಳು. ಮೊನೆ ಮುರಿದಿತ್ತು, ಆದರೆ ಉದ್ದ ಇತ್ತು. "ಎರಡು ಮಾಡಿ ಮಿಸ್."
ಲಟಕ್! ಮಿಸ್ ಎರಡು ಮಾಡಿದರು. ಎರಡನ್ನೂ ಚೂಪು ಮಾಡಿದರು. ಸುಮಿಗೆ ಒಂದು. ಬಸುಗೆ ಒಂದು.

"ಅಲ್ಲಾ ಸುಮಿ, ಆ ಪೆನ್ಸಿಲ್ ಎಲ್ಲಿಟ್ಟಿದ್ದೆ?" ಕೇಳಿದ ಬಸು.
"ಇಲ್ಲೇ" ಅಂತ ಸುಮಿ ಜೇಬಿಗೆ ಕೈ ಹಾಕಿದಳು.

ಜೇಬಿನ ಕೆಳಗಿಂದ ಒಂದು ಬೆರಳು ಹೊರಗೆ ಬಂತು!

ಕಥೆ ಇಷ್ಟೇ. ಬೆರಳು ಬಂದಾಗ ಕೋಣೆ ಸಿಡಿಯುತ್ತದೆ. ಎಲ್ಲರೂ ತಮ್ಮ ತಮ್ಮ ಜೇಬು ನೋಡಿಕೊಳ್ಳುತ್ತಾರೆ. ಒಂದಿಬ್ಬರ ಜೇಬಿನಲ್ಲಿ ನಿಜವಾಗಿ ತೂತು ಇರುತ್ತದೆ, ಅವರಿಗೆ ಆ ದಿನ ಎಲ್ಲಿಲ್ಲದ ಮರ್ಯಾದೆ.

ಪುಟ ತಿರುಗುವ ಜಾಗದ ಬಗ್ಗೆ ಒಂದು ಮಾತು. "ಆಗ್ಲೇ ಕೊಟ್ಟೆನಲ್ಲಾ" ಅನ್ನುವುದು ಮತ್ತು ಬಸು ಚೀಲ ಹುಡುಕುವುದು ಒಂದೇ ಪುಟದಲ್ಲಿ ಇರಬಾರದು. ಸುಳ್ಳು ಹೇಳಿ ಆದಮೇಲೆ ನಾನು ಪುಟ ತಿರುಗಿಸದೆ ಸ್ವಲ್ಪ ನಿಲ್ಲುತ್ತೇನೆ. "ಕೊಟ್ಟಿದ್ಲಾ?" ಅಂತ ಕೇಳುತ್ತೇನೆ. "ಇಲ್ಲಾ" ಅನ್ನುತ್ತಾರೆ. ಯಾರಾದರೂ "ಹೂಂ, ಕೊಟ್ಟಿದ್ಲು" ಅಂದರೆ ಅವರಿಗೆ ಕಥೆ ಎಲ್ಲೋ ತಪ್ಪಿದೆ ಅಂತ ಅರ್ಥ. ಹಿಂದಿನ ಪುಟಕ್ಕೆ ಹೋಗಿ ಜೇಬಿನ ಚಿತ್ರ ತೋರಿಸುತ್ತೇನೆ. ಆ ಪುಟದಲ್ಲಿ ತೂತು ಕಾಣಬಾರದು, ಚಿತ್ರ ಬರೆಯುವವರಿಗೆ ಇದನ್ನು ಮೊದಲೇ ಹೇಳಬೇಕು. ಚಿತ್ರ ಬರೆದುಕೊಟ್ಟ ನಮ್ಮ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಮೊದಲು ಅಂದವಾಗಿ ತೂತನ್ನೂ ಬರೆದಿದ್ದರು!

ಪೆನ್ಸಿಲ್ ಎರಡು ಮಾಡುವುದನ್ನು ಮಕ್ಕಳು ಮನೆಯಲ್ಲಿ ಮಾಡಿ ನೋಡಿದರೆ ಅನ್ನುವ ಅಳುಕು ಇತ್ತು. ಅದಕ್ಕೇ ಬ್ಲೇಡ್ ಕಥೆಯಲ್ಲಿಲ್ಲ, ಬರೀ "ಲಟಕ್" ಇದೆ. ನಾನು ನಿಜವಾಗಿ ಮಾಡುವಾಗ ಬ್ಲೇಡ್‌ನಿಂದ ನಡುವೆ ಸುತ್ತ ಗೀರಿ ಮುರಿಯುತ್ತೇನೆ. ಹೊಸ ಪೆನ್ಸಿಲ್ ಹತ್ತಿರ ಹತ್ತಿರ 18 ಸೆಂಟಿಮೀಟರ್ ಇರುತ್ತದೆ, ಅರ್ಧ ಮಾಡಿದರೆ ಅಂಗೈಗೆ ಸರಿಯಾಗುತ್ತದೆ. ಚಿಕ್ಕ ಕೈಗೆ ಗಿಡ್ಡ ಪೆನ್ಸಿಲೇ ವಾಸಿ. ಮುಷ್ಟಿಯಲ್ಲಿ ಹಿಡಿಯಲು ಜಾಗ ಇರುವುದಿಲ್ಲ, ಬೆರಳಲ್ಲೇ ಹಿಡಿಯಬೇಕಾಗುತ್ತದೆ.

ಕಥೆ ಮುಗಿದ ಮೇಲೆ "ಇದರ ನೀತಿ ಏನು?" ಅಂತ ನಾನು ಕೇಳುವುದಿಲ್ಲ. ಕೇಳಿದರೆ "ಸುಳ್ಳು ಹೇಳಬಾರದು" ಅಂತ ಎಲ್ಲರೂ ರಾಗವಾಗಿ ಹೇಳುತ್ತಾರೆ. ಕಥೆ ಕೇಳದೆ ಇದ್ದವರೂ ಹೇಳುತ್ತಾರೆ. ಅದರಿಂದ ಏನೂ ಗೊತ್ತಾಗುವುದಿಲ್ಲ. ಬದಲಿಗೆ ಚಿತ್ರ ಬರೆಸಿ ಚಪ್ಪರಕ್ಕೆ ನೇತು ಹಾಕುತ್ತೇವೆ. ಯಾವ ಜಾಗ ಬರೆದರು ಅಂತ ನೋಡಿದರೆ ಕಥೆ ಎಲ್ಲಿ ತಾಗಿತು ಅಂತ ತಿಳಿಯುತ್ತದೆ. ಹೆಚ್ಚಿನವರು ಬರೆಯುವುದು ಬೆರಳನ್ನೇ. ಕೆಲವರು ಬಸು ಚೀಲ ಹುಡುಕುವುದನ್ನು. ಒಬ್ಬಳು ಸುಮಿಯ ಎದೆಯೊಳಗೆ ಒಂದು ತಮಟೆ ಬರೆದಿದ್ದಳು. ಮಿಸ್‌ನ ಚಿತ್ರ ಯಾರೂ ಬರೆಯುವುದಿಲ್ಲ, ನನಗೆ ಅದರಿಂದ ಸಮಾಧಾನವೇ ಆಯಿತು.

ಕಥೆಯ ಮಿಸ್ ಹೇಳಿದ ಮಾತನ್ನು ಮಕ್ಕಳು ನಿಜವಾದ ಮಿಸ್ ಮೇಲೆ ಪರೀಕ್ಷೆ ಮಾಡುತ್ತಾರೆ. ಇದಕ್ಕೆ ತಯಾರಿರಬೇಕು. ಒಬ್ಬ ಹುಡುಗ ಬಾಗಿಲ ಹತ್ತಿರ ಬಹಳ ಹೊತ್ತು ನಿಂತು, ನೀರಿನ ಮಡಕೆಯ ಮುಚ್ಚಳ ಒಡೆದದ್ದು ತಾನು ಅಂದ. ಅದು ಒಡೆದು ವಾರ ಕಳೆದಿತ್ತು, ಬೆಕ್ಕು ಅಂತ ನಾವೆಲ್ಲ ಬಿಟ್ಟಿದ್ದೆವು. "ಹೇಳಿದ್ದು ಒಳ್ಳೇದಾಯ್ತು, ಈಗ ಏನ್ ಮುಚ್ಚೋಣ?" ಅಂದೆ. ಅವನು ಅಡುಗೆ ಅಕ್ಕನ ಹತ್ತಿರ ಹೋಗಿ ಒಂದು ಹಳೇ ತಟ್ಟೆ ತಂದ. ಮಡಕೆಗೆ ಸರಿಯಾಗಿ ಕೂತಿತು. ಆ ಹೊತ್ತಿಗೆ ನಾನು "ಇಷ್ಟು ದಿನ ಯಾಕೆ ಹೇಳ್ಲಿಲ್ಲ?" ಅಂದಿದ್ದರೆ ಕಥೆ ಮುಚ್ಚಿ ಇಡಬಹುದಿತ್ತು.

ಸಭೆಯಲ್ಲಿ ಕಥೆ ಓದಿದಾಗ ಒಬ್ಬರು ಸರ್, "ಕೊನೇಲಿ ಒಂದು ಸಾಲು ನೀತಿ ಹಾಕಿ ಮೇಡಂ, ಇಲ್ಲದಿದ್ರೆ ಅಪೂರ್ಣ ಅನ್ಸುತ್ತೆ" ಅಂದರು. ಇನ್ನೊಬ್ಬರು, ಸುಳ್ಳು ಹೇಳಿದ್ದಕ್ಕೆ ಸುಮಿಗೆ ಏನೂ ಆಗಲೇ ಇಲ್ಲವಲ್ಲ ಅಂದರು. ಅವಳ ಪೆನ್ಸಿಲ್ ಅರ್ಧ ಆಯಿತು, ಬಸು ಕೋಪ ಮಾಡಿಕೊಂಡ, ಮೂರು ಜಾಗ ಹುಡುಕಬೇಕಾಯಿತು, ಇಷ್ಟು ಸಾಲದಾ ಅಂದೆ. ಅವರಿಗೆ ಒಪ್ಪಿಗೆ ಆಗಲಿಲ್ಲ. ತಮ್ಮ ಶಾಲೆಯಲ್ಲಿ ಮಿಸ್ ಬದಲು ಅಜ್ಜಿಯನ್ನು ಇಟ್ಟು ಹೇಳಿ ನೋಡುತ್ತೇನೆ ಅಂದರು. ಅಜ್ಜಿ ಬಂದರೆ ಪೆನ್ಸಿಲ್ ಎರಡು ಮಾಡುವುದರ ಜೊತೆ ಜೇಬನ್ನೂ ಹೊಲಿಯಬಹುದು ಅಂತ ಇನ್ನೊಬ್ಬ ಮೇಡಂ ಸೇರಿಸಿದರು. ಅದು ನನಗೂ ಹಿಡಿಸಿತು.

ಮೂರನೇ ತರಗತಿಯವರಿಗೆ ಈ ಕಥೆ ನಡೆಯುವುದಿಲ್ಲ. ಜೇಬಿನಲ್ಲಿ ತೂತು ಇದೆ ಅಂತ ಅವರು ಓಡುವ ಪುಟದಲ್ಲೇ ಹೇಳಿಬಿಟ್ಟರು. ಅವರಿಗೆ ಬೇಕಾದ ಕಥೆ ಬೇರೆ. ಗೆಳತಿಯನ್ನು ಕಾಪಾಡಲು ಸುಳ್ಳು ಹೇಳಬಹುದಾ ಅನ್ನುವಂಥದ್ದು. ಅದನ್ನು ಇನ್ನೂ ಬರೆದಿಲ್ಲ. ಸದ್ಯಕ್ಕೆ ಹಸಿರು ಪೆನ್ಸಿಲ್ ಎಲ್ಲಿಗೆ ಹೋಯಿತು ಅಂತ ಬರೆಯಲು ಅವರಿಗೇ ಕೊಟ್ಟಿದ್ದೇನೆ. ಒಬ್ಬರ ಕಥೆಯಲ್ಲಿ ಅದನ್ನು ಮೇಕೆ ತಿಂದಿದೆ. ಇನ್ನೊಬ್ಬರ ಕಥೆಯಲ್ಲಿ ನಮ್ಮ ಮುಖ್ಯ ಶಿಕ್ಷಕರ ಜೇಬಿನಲ್ಲಿದೆ, ಅವರು ದಿನಾ ಅದರಲ್ಲೇ ಹಾಜರಿ ಬರೆಯುತ್ತಾರಂತೆ.